ಯಾವ ಬೋರ್ಡ್ ನೋಡಿ ಬಂದ್ರಿ? ಬಿಲ್ ಮೇಜಿನ ಒಂದು ಪ್ರಶ್ನೆಯ ಲೆಕ್ಕ

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆಯ ಪಾಠ ಓದುವಾಗ ಪ್ರಚಾರದ ನಾಲ್ಕು ದಾರಿಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಜಾಹೀರಾತು, ವೈಯಕ್ತಿಕ ಮಾರಾಟ, ಮಾರಾಟ ಪ್ರವರ್ತನೆ, ಸಾರ್ವಜನಿಕ ಸಂಪರ್ಕ. ಆದರೆ ಒಂದು ಸಣ್ಣ ಅಂಗಡಿಯವರು ಯಾವ ಜಾಹೀರಾತಿನಿಂದ ಗಿರಾಕಿ ಬಂದರು ಎಂದು ಹೇಗೆ ತಿಳಿಯಬೇಕು ಎಂಬ ಪ್ರಶ್ನೆ ನನ್ನ ಮುಂದೆ ಬಂದದ್ದು ಪಾಠದಲ್ಲಲ್ಲ, ನಮ್ಮ ಅಂಗಡಿಯ ಬಿಲ್ ಮೇಜಿನಲ್ಲಿ. ಈ ಬೇಸಿಗೆ ರಜೆಯಲ್ಲಿ ನಾನು ಮಾಡಿದ ಲೆಕ್ಕವನ್ನೂ ಅದರಲ್ಲಿ ಮಾಡಿದ ತಪ್ಪುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನಮ್ಮದು ಪರದೆ ಮತ್ತು ಗಾದಿಯ ಅಂಗಡಿ. ಪರದೆ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಟ್ಟು ಹೊಲಿಸಿಯೂ ಕೊಡುತ್ತೇವೆ. ಅಬ್ಬಾ ಎರಡು ವರ್ಷದಿಂದ ಊರಿನ ಒಂದು ಸರ್ಕಲ್‌ನಲ್ಲಿ ದೊಡ್ಡ ಹೋರ್ಡಿಂಗ್ ಹಾಕಿಸಿದ್ದರು. ಆರು ತಿಂಗಳಿಗೆ 30,000 ರೂಪಾಯಿ. ಜೂನ್ ಮಧ್ಯದಲ್ಲಿ ಅದರ ಅವಧಿ ಮುಗಿಯುವುದಿತ್ತು. ಅದೇ ಹೊತ್ತಿಗೆ ಹೊಲಿಗೆ ಮಷೀನ್ ಕೈಕೊಡುತ್ತಿತ್ತು. ಹೊಲಿಯುವ ಚಾಚಾ ಮೂರು ದಿನದಲ್ಲಿ ಕೊಡುವ ಪರದೆಗೆ ಎಂಟು ದಿನ ತೆಗೆದುಕೊಳ್ಳುತ್ತಿದ್ದರು, ಗಿರಾಕಿಗಳು ಅವರನ್ನೇ ಬೈಯುತ್ತಿದ್ದರು. ಮನೆಯಲ್ಲಿದ್ದ ಹಣ ಎರಡರಲ್ಲಿ ಒಂದಕ್ಕೆ ಸಾಕಾಗುತ್ತಿತ್ತು. ಹೋರ್ಡಿಂಗ್ ಬಿಡಲು ಅಬ್ಬಾಗೆ ಮನಸ್ಸಿಲ್ಲ. "ಬೇಟಾ, ಅದನ್ನು ನೋಡಿಯೇ ಜನ ಬರ್ತಾರೆ" ಎನ್ನುತ್ತಿದ್ದರು. "ಎಷ್ಟು ಜನ ಅಬ್ಬಾ?" ಎಂದು ಕೇಳಿದೆ. "ತುಂಬಾ ಜನ" ಎಂದರು. ಅಲ್ಲಿಂದ ಈ ಕೆಲಸ ಶುರುವಾಯಿತು.

ಬಿಲ್ ಹೊತ್ತಿನಲ್ಲೇ ಏಕೆ?

ಗಿರಾಕಿ ಒಳಗೆ ಬಂದ ಕೂಡಲೇ "ಹೇಗೆ ಗೊತ್ತಾಯ್ತು ನಮ್ಮ ಅಂಗಡಿ?" ಎಂದರೆ ಅವರಿಗೆ ಮುಜುಗರ. ಇನ್ನೂ ಏನನ್ನೂ ನೋಡಿರುವುದಿಲ್ಲ, ನಾವು ಏನನ್ನೋ ತಲೆಗೆ ಕಟ್ಟಲು ಹೊರಟಿದ್ದೇವೆ ಎಂದುಕೊಳ್ಳುತ್ತಾರೆ. ಬಿಲ್ ಬರೆಯುವ ಹೊತ್ತು ಬೇರೆ. ಚೌಕಾಸಿ ಮುಗಿದಿರುತ್ತದೆ, ನೋಟು ಎಣಿಸುವಾಗಲೋ ಫೋನಿನಲ್ಲಿ ಹಣ ಕಳಿಸುವಾಗಲೋ ಅರ್ಧ ನಿಮಿಷ ಇಬ್ಬರೂ ಸುಮ್ಮನೆ ನಿಂತಿರುತ್ತೇವೆ. ಆಗ ಕೇಳಿದರೆ ಯಾರೂ ಬೇಸರಿಸಲಿಲ್ಲ.

ಇನ್ನೂ ದೊಡ್ಡ ಕಾರಣ ಒಂದಿದೆ. ಉತ್ತರವನ್ನು ಬಿಲ್ಲಿನ ಕಾರ್ಬನ್ ಪ್ರತಿಯ ಮೇಲೆಯೇ ಬರೆದರೆ, ಯಾವ ದಾರಿಯಿಂದ ಬಂದವರು ಎಷ್ಟು ರೂಪಾಯಿ ವ್ಯಾಪಾರ ಮಾಡಿದರು ಎಂಬುದೂ ಅದೇ ಚೀಟಿಯಲ್ಲಿ ಸಿಗುತ್ತದೆ. ಬೇರೆ ಪುಸ್ತಕ ಬೇಕಿಲ್ಲ. ಪ್ರತಿಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಅಕ್ಷರ ಬರೆದರೆ ಸಾಕು. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಆ ದಿನದ ಪ್ರತಿಗಳನ್ನು ತಿರುವಿ, ಅಕ್ಷರವಾರು ಎಷ್ಟು ಬಿಲ್, ಎಷ್ಟು ಮೊತ್ತ ಎಂದು ಒಂದು ನೋಟ್‌ಬುಕ್ಕಿನಲ್ಲಿ ಸಾಲು ಬರೆಯುತ್ತಿದ್ದೆ. ಹತ್ತು ನಿಮಿಷದ ಕೆಲಸ. ಗಿರಾಕಿಯ ಹೆಸರು, ಫೋನ್ ನಂಬರ್ ಕೇಳಲಿಲ್ಲ. ಈ ಲೆಕ್ಕಕ್ಕೆ ಅವು ಬೇಡ, ಕೇಳಿದರೆ ಜನ ಉತ್ತರ ಕೊಡಲು ಹಿಂಜರಿಯುತ್ತಾರೆ.

ಎರಡು ಭಾಷೆ, ಎರಡು ಪ್ರಶ್ನೆ

ಏಪ್ರಿಲ್ ಮೊದಲ ಮೂರು ವಾರ ಮಾಡಿದ ಲೆಕ್ಕ ಪೂರ್ತಿ ಹಾಳಾಯಿತು. ಹೇಗೆ ಹಾಳಾಯಿತು ಎಂಬುದೇ ಈ ಲೇಖನದ ಮುಖ್ಯ ಪಾಠ, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಅಂಗಡಿಗೆ ಕನ್ನಡ ಮಾತಾಡುವವರೂ ಉರ್ದು ಮಾತಾಡುವವರೂ ಬರುತ್ತಾರೆ. ಕನ್ನಡದವರನ್ನು ನಾನು "ಎಲ್ಲಿ ನೋಡಿ ಬಂದ್ರಿ ಅಕ್ಕಾ?" ಎಂದು ಕೇಳುತ್ತಿದ್ದೆ. ಉರ್ದುವಿನವರನ್ನು ಮನೆಯಲ್ಲಿ ಮಾತಾಡುವ ಹಾಗೆಯೇ "ಹಮಾರಿ ದುಕಾನ್ ಕಾ ಕೌನ್ ಬೋಲೇ ಆಪ್ ಕು?" ಎನ್ನುತ್ತಿದ್ದೆ. ಒಂದೇ ಪ್ರಶ್ನೆಯನ್ನು ಎರಡು ಭಾಷೆಯಲ್ಲಿ ಕೇಳುತ್ತಿದ್ದೇನೆ ಎಂದೇ ನಂಬಿದ್ದೆ.

ಮೂರು ವಾರದಲ್ಲಿ ಮೊದಲ ಬಾರಿ ಬಂದ ಗಿರಾಕಿಗಳು 72 ಮಂದಿ. ಅವರಲ್ಲಿ ಉರ್ದುವಿನಲ್ಲಿ ಉತ್ತರಿಸಿದವರು 28. ಆ 28ರಲ್ಲಿ 24 ಮಂದಿ ಯಾರೋ ಹೇಳಿದರು ಎಂದಿದ್ದರು. ಖಾಲಾ ಹೇಳಿದರು, ಪಕ್ಕದ ಮನೆಯವರು ಹೇಳಿದರು, ಮದುವೆ ಮನೆಯಲ್ಲಿ ಯಾರೋ ಹೇಳಿದರು. ಕನ್ನಡದಲ್ಲಿ ಉತ್ತರಿಸಿದ 44 ಮಂದಿಯಲ್ಲಿ ಹಾಗೆಂದವರು ಬರೀ 7. ಅವರಲ್ಲಿ ಅರ್ಧದಷ್ಟು, ಅಂದರೆ 22 ಮಂದಿ, ಬೋರ್ಡ್ ನೋಡಿ ಬಂದೆವು ಎಂದಿದ್ದರು.

ಅಬ್ಬಾ ಇದನ್ನು ನೋಡಿ, "ಗೊತ್ತೇ ಇತ್ತು. ನಮ್ಮವರು ಮಾತು ಕೇಳಿ ಬರ್ತಾರೆ, ಅವರು ಬೋರ್ಡ್ ನೋಡಿ ಬರ್ತಾರೆ" ಎಂದರು. ನನಗೂ ಹಾಗೇ ಅನ್ನಿಸಿತು. ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮಿ ಕೇಳಿದ ಒಂದೇ ಮಾತಿನಿಂದ ಅದು ಬಿದ್ದುಹೋಯಿತು. "ಕೌನ್ ಬೋಲೇ ಅಂತ ಕೇಳಿದರೆ ಜನ ಮನುಷ್ಯರ ಹೆಸರೇ ಹೇಳ್ತಾರಲ್ಲ, ಗೋಡೆ ಹೆಸರು ಹೇಳ್ತಾರಾ?"

ನಿಜ. ಯಾರು ಹೇಳಿದರು ಎಂದು ಕೇಳಿದರೆ ಉತ್ತರ ಒಬ್ಬ ವ್ಯಕ್ತಿಯೇ ಆಗಬೇಕು. ಎಲ್ಲಿ ನೋಡಿದಿರಿ ಎಂದು ಕೇಳಿದರೆ ಉತ್ತರ ಕಣ್ಣಿಗೆ ಕಾಣುವ ವಸ್ತುವೇ ಆಗಬೇಕು. ಗಿರಾಕಿಗಳಲ್ಲಿ ಇದ್ದ ವ್ಯತ್ಯಾಸವನ್ನು ನಾನು ಅಳೆದಿರಲಿಲ್ಲ, ನನ್ನ ಎರಡು ಪ್ರಶ್ನೆಗಳ ವ್ಯತ್ಯಾಸವನ್ನು ಅಳೆದಿದ್ದೆ. ಆ ಲೆಕ್ಕವನ್ನು ನಂಬಿ ಉರ್ದುವಿನವರಿಗೆ ಕರಪತ್ರ ಬೇಡ, ಕನ್ನಡದವರಿಗೆ ಹೋರ್ಡಿಂಗ್ ಬೇಕು ಎಂದು ಹಣ ಹಾಕಿದ್ದರೆ ಎರಡು ಕಡೆಯೂ ತಪ್ಪುತ್ತಿತ್ತು.

ಅಮ್ಮಿ, ನಾನು ಕೂತು ಪ್ರಶ್ನೆಯನ್ನು ಮತ್ತೆ ಕಟ್ಟಿದೆವು. ಕನ್ನಡದಲ್ಲಿ "ನಮ್ಮ ಅಂಗಡಿ ಇದೆ ಅಂತ ಮೊದಲು ಹೇಗೆ ಗೊತ್ತಾಯ್ತು?" ಉರ್ದುವಿನಲ್ಲಿ "ಹಮಾರಿ ದುಕಾನ್ ಹೈ ಬೋಲ್ಕೆ ಪೈಲೇ ಕೈಸಾ ಮಾಲೂಮ್ ಪಡಾ?" ಎರಡರಲ್ಲೂ ಯಾರು, ಎಲ್ಲಿ ಎಂಬ ಪದವಿಲ್ಲ, ಹೇಗೆ ಎಂಬುದು ಮಾತ್ರ ಇದೆ. ಮೊದಲು ಎಂಬ ಪದ ಎರಡರಲ್ಲೂ ಇದೆ. ಅದಿಲ್ಲದಿದ್ದರೆ ಜನ "ಬಸ್ಸಿನಲ್ಲಿ ಬಂದೆ", "ಮಗಳ ಮದುವೆ ಇದೆ, ಅದಕ್ಕೇ ಬಂದೆ" ಎಂದು ಹೇಳುತ್ತಿದ್ದರು. ಈ ಎರಡು ವಾಕ್ಯಗಳನ್ನು ಒಂದು ರಟ್ಟಿನ ಮೇಲೆ ಬರೆದು ಮೇಜಿನ ಒಳಬದಿಗೆ ಅಂಟಿಸಿದೆ. ಬೆಳಗ್ಗೆ ಬಿಲ್ ಬರೆಯುವುದು ಅಬ್ಬಾ, ಮಧ್ಯಾಹ್ನದ ಮೇಲೆ ನಾನು. ಇಬ್ಬರೂ ಒಂದೇ ಮಾತು ಕೇಳಬೇಕಲ್ಲ.

ಬೋರ್ಡ್ ಎಂದರೆ ಯಾವುದು?

ಹೊಸ ಪ್ರಶ್ನೆ ಸಿದ್ಧವಾದ ಮರುದಿನವೇ ಎರಡನೆಯ ತಪ್ಪು ಸಿಕ್ಕಿಬಿತ್ತು. ಹರಿಹರದಿಂದ ಬಂದಿದ್ದ ಒಬ್ಬ ಅಮ್ಮ ಗಾದಿ ಕೊಂಡು, ಬಿಲ್ ಮಾಡಿಸುವಾಗ "ನಿಮ್ಮ ಬೋರ್ಡ್ ನೋಡಿ ಬಂದೆ ಕಣಮ್ಮಾ" ಎಂದರು. ಅಬ್ಬಾ ನನ್ನ ಕಡೆ ನೋಡಿ ನಕ್ಕರು. ನಾನು ಅಕ್ಷರ ಬರೆಯುವ ಮುಂಚೆ ಸುಮ್ಮನೆ "ಯಾವ ಬೋರ್ಡ್ ಅಮ್ಮಾ?" ಎಂದೆ. ಅವರು ಬಾಗಿಲ ಕಡೆ ಕೈ ತೋರಿಸಿ, "ಇಗೋ, ಈ ಮೇಲಿಂದೇ. ಎದುರುಗಡೆ ಆಟೋ ಇಳಿದೆ, ಕಾಣ್ತು" ಎಂದರು.

ಅದು ನಮ್ಮ ಅಂಗಡಿಯದೇ ನಾಮಫಲಕ. ಸರ್ಕಲ್‌ನ ಹೋರ್ಡಿಂಗ್ ಅಲ್ಲ. ನಾಮಫಲಕಕ್ಕೆ ನಾವು ತಿಂಗಳು ತಿಂಗಳು ಹಣ ಕೊಡುವುದಿಲ್ಲ, ಹೋರ್ಡಿಂಗ್‌ಗೆ ಕೊಡುತ್ತೇವೆ. ಜನರ ಬಾಯಲ್ಲಿ ಎರಡೂ ಬೋರ್ಡೇ. ಹಿಂದಿನ ಮೂರು ವಾರದ 72 ಮಂದಿಯಲ್ಲಿ ಎರಡೂ ಭಾಷೆಯವರು ಸೇರಿ 24 ಮಂದಿ, ಎಂದರೆ ಮೂವರಲ್ಲಿ ಒಬ್ಬರು, ಬೋರ್ಡ್ ಎಂದಿದ್ದರು. ಅಬ್ಬಾ ಅಷ್ಟನ್ನೂ ಹೋರ್ಡಿಂಗ್ ಖಾತೆಗೆ ಬರೆದುಕೊಂಡಿದ್ದರು. ಅವರಲ್ಲಿ ಯಾರು ಯಾವ ಬೋರ್ಡ್ ನೋಡಿದ್ದರು ಎಂದು ತಿಳಿಯಲು ಇನ್ನು ದಾರಿಯಿಲ್ಲ. ಗಿರಾಕಿ ಹೋದ ಮೇಲೆ ಉತ್ತರವನ್ನು ತಿದ್ದಲಾಗುವುದಿಲ್ಲ.

ಹುಡುಕಿದರೆ ಇಂಥ ಪದಗಳು ಇನ್ನೂ ಸಿಕ್ಕವು. "ಪೇಪರ್‌ನಲ್ಲಿ ನೋಡಿದೆ" ಎಂದರೆ ಪತ್ರಿಕೆಯೊಳಗೆ ಅಚ್ಚಾದ ಜಾಹೀರಾತೂ ಆಗಬಹುದು, ಪತ್ರಿಕೆಯ ಮಡಿಕೆಯಲ್ಲಿ ಇಟ್ಟು ಹಂಚಿದ ಕರಪತ್ರವೂ ಆಗಬಹುದು. ನಾವು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೇ ಇರಲಿಲ್ಲವಾದ್ದರಿಂದ ಅದು ಕರಪತ್ರವೇ ಎಂದು ಗೊತ್ತಾಯಿತು. ಎರಡನ್ನೂ ಕೊಡುವ ಅಂಗಡಿಯವರು ಮರುಪ್ರಶ್ನೆ ಹಾಕಲೇಬೇಕು. "ಫೋನಲ್ಲಿ ನೋಡಿದೆ" ಎಂದರೂ ಹಾಗೆಯೇ. ಮ್ಯಾಪಿನಲ್ಲಿ ಹುಡುಕಿದರೋ, ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿದರೋ ಎಂದು ಕೇಳಬೇಕು.

ಆಮೇಲೆ ನಾನು ಇಟ್ಟುಕೊಂಡ ಅಕ್ಷರಗಳು ಇವು:

ಹ – ಹಳೆಯ ಗಿರಾಕಿ, ಮೊದಲೂ ಬಂದಿದ್ದವರು
ಮಾ – ಯಾರೋ ಹೇಳಿದ್ದು, ಬಾಯಿಮಾತು
ನಾ – ಅಂಗಡಿಯ ನಾಮಫಲಕ, ದಾರಿಯಲ್ಲಿ ಹೋಗುವಾಗ ಕಂಡದ್ದು
ಹೋ – ಸರ್ಕಲ್‌ನ ಹೋರ್ಡಿಂಗ್
ಕ – ಕರಪತ್ರ
ಮ್ಯಾ – ಫೋನಿನ ಮ್ಯಾಪ್
ಬೇ – ಬೇರೆ, ಅಥವಾ ನೆನಪಿಲ್ಲ
ಸೊನ್ನೆ – ಕೇಳಲಾಗಲಿಲ್ಲ

ಮೊದಲ ಸಾಲಿನ ಹ ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಹತ್ತು ವರ್ಷದಿಂದ ಬರುವವರನ್ನು ಹೇಗೆ ಗೊತ್ತಾಯ್ತು ಎಂದು ಕೇಳಿದರೆ ಅವರು ಇತ್ತೀಚೆಗೆ ಕಣ್ಣಿಗೆ ಬಿದ್ದ ಹೋರ್ಡಿಂಗನ್ನೇ ಹೇಳಬಹುದು, ಆದರೆ ಅವರು ಬಂದದ್ದು ಅದರಿಂದಲ್ಲ. ಆದ್ದರಿಂದ ಮೊದಲು "ಮುಂಚೆ ನಮ್ಮಲ್ಲಿಗೆ ಬಂದಿದ್ರಾ?" ಎಂದು ಕೇಳಿ, ಇಲ್ಲ ಎಂದವರಿಗೆ ಮಾತ್ರ ನಮ್ಮ ಪ್ರಶ್ನೆ.

ಕೊನೆಯ ಸೊನ್ನೆಯೂ ಅಷ್ಟೇ ಮುಖ್ಯ. ಭಾನುವಾರ ಸಂಜೆ ಜನ ಹೆಚ್ಚಾದಾಗ ಕೇಳಲು ಆಗುತ್ತಿರಲಿಲ್ಲ. ಆಗ ಸುಲಭವಾಗಿ ಮಾತಾಡುವವರನ್ನಷ್ಟೇ ಕೇಳಿ ಉಳಿದವರನ್ನು ಬಿಟ್ಟುಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಲೆಕ್ಕ ಮಾತುಗಾರರ ಲೆಕ್ಕವಾಗುತ್ತದೆ. ಕೇಳದ ಬಿಲ್ಲಿಗೆ ಸೊನ್ನೆ ಹಾಕಿದರೆ ಎಷ್ಟು ತಪ್ಪಿತು, ಯಾವ ದಿನ ತಪ್ಪಿತು ಎಂಬುದಾದರೂ ಗೊತ್ತಿರುತ್ತದೆ.

ಆರು ವಾರದ ಲೆಕ್ಕ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ದಿನಗಳವರೆಗೆ ಆರು ವಾರ ಹೊಸ ರೀತಿಯಲ್ಲಿ ಬರೆದೆವು. ಒಟ್ಟು ಬಿಲ್ 412. ಸೊನ್ನೆ ಬಿದ್ದದ್ದು 56. ಉಳಿದ 356ರಲ್ಲಿ ಹಳೆಯ ಗಿರಾಕಿಗಳು 208, ಹೊಸಬರು 148.

ಆ 148 ಹೊಸಬರು ಹೀಗೆ ಹಂಚಿಹೋದರು. ಬಾಯಿಮಾತು 61, ಅಂಗಡಿಯ ನಾಮಫಲಕ 38, ಫೋನಿನ ಮ್ಯಾಪ್ 24, ಕರಪತ್ರ 14, ಬೇರೆ ಅಥವಾ ನೆನಪಿಲ್ಲ 7. ಸರ್ಕಲ್‌ನ ಹೋರ್ಡಿಂಗ್ 4.

ಮೊದಲು ಭಾಷೆಯ ವಿಷಯ ನೋಡಿದೆ. ಉರ್ದುವಿನಲ್ಲಿ ಉತ್ತರಿಸಿದ 57 ಹೊಸಬರಲ್ಲಿ ಬಾಯಿಮಾತು ಎಂದವರು 26, ಶೇಕಡಾ 46. ಕನ್ನಡದ 91 ಮಂದಿಯಲ್ಲಿ 35, ಶೇಕಡಾ 38. ಮೊದಲ ಲೆಕ್ಕದಲ್ಲಿ ಇದೇ ಅಂತರ ಶೇಕಡಾ 86 ಮತ್ತು 16 ಆಗಿತ್ತು. ಪ್ರಶ್ನೆ ಸರಿಯಾದ ಮೇಲೆ "ನಮ್ಮವರು, ಅವರು" ಎಂಬ ಗೋಡೆಯ ಬಹುಪಾಲು ಬಿದ್ದುಹೋಯಿತು. ಪರದೆ ಬೇಕಾದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ವಿಚಾರಿಸಿಕೊಂಡು ಬರುತ್ತಾರೆ.

ಇನ್ನು ಹಣದ ಲೆಕ್ಕ. ಹೋರ್ಡಿಂಗ್ ತಿಂಗಳಿಗೆ 5,000 ರೂಪಾಯಿ, ಆರು ವಾರಕ್ಕೆ ಅಂದಾಜು 7,500. ಅದರಿಂದ ಬಂದವರು 4. ಎಂದರೆ ಒಬ್ಬ ಹೊಸ ಗಿರಾಕಿಗೆ 1,875 ರೂಪಾಯಿ ಖರ್ಚು. ಕರಪತ್ರಕ್ಕೆ ಅಚ್ಚು, ಪತ್ರಿಕೆ ಏಜೆಂಟರಿಗೆ ಹಂಚಿಕೆಯ ಹಣ ಸೇರಿ 5,200 ರೂಪಾಯಿ ಆಗಿತ್ತು. ಬಂದವರು 14. ಒಬ್ಬರಿಗೆ ಸುಮಾರು 371 ರೂಪಾಯಿ.

ಅಬ್ಬಾ ಒಪ್ಪಲಿಲ್ಲ. ಅವರ ಮಾತಿನಲ್ಲೂ ಅರ್ಥವಿತ್ತು. "ನಾಲ್ಕೇ ಜನ ಇರಬಹುದು, ಆದರೆ ಒಳ್ಳೆ ಗಿರಾಕಿಗಳು. ಮೊತ್ತ ನೋಡು" ಎಂದರು. ಕಾರ್ಬನ್ ಪ್ರತಿಗಳನ್ನು ತೆಗೆದು ಕೂಡಿದೆ. ಹೋರ್ಡಿಂಗ್‌ನ ನಾಲ್ಕು ಬಿಲ್ಲುಗಳ ಮೊತ್ತ 13,600 ರೂಪಾಯಿ. "ನೋಡು, ಏಳೂವರೆ ಸಾವಿರ ಕೊಟ್ಟು ಹದಿಮೂರೂವರೆ ಸಾವಿರ ಬಂತಲ್ಲ" ಎಂದರು.

ಅಕೌಂಟೆನ್ಸಿ ಓದುವವರು ಇಲ್ಲೇ ನಿಲ್ಲಬೇಕು. 13,600 ಎಂಬುದು ಮಾರಾಟ, ಲಾಭವಲ್ಲ. ಬಟ್ಟೆಯ ಅಸಲು, ಹತ್ತಿ, ದಾರ, ಹೊಲಿಗೆಯ ಕೂಲಿ ಎಲ್ಲ ಕಳೆದರೆ ನಮ್ಮ ಅಂಗಡಿಯಲ್ಲಿ ನೂರು ರೂಪಾಯಿ ಮಾರಾಟಕ್ಕೆ ಸುಮಾರು 25 ರೂಪಾಯಿ ಉಳಿಯುತ್ತದೆ ಎಂದು ಅಬ್ಬಾ ಅವರೇ ಹೇಳುತ್ತಾರೆ. ಜಾಹೀರಾತಿನ ಖರ್ಚನ್ನು ಕಳೆಯಬೇಕಾದದ್ದು ಆ ಒಟ್ಟು ಲಾಭದಿಂದ. 13,600ರ ಕಾಲು ಭಾಗ 3,400. ಅದರಲ್ಲಿ 7,500 ಕಳೆದರೆ 4,100 ರೂಪಾಯಿ ಕೊರತೆ. ಕರಪತ್ರದ 14 ಬಿಲ್ಲುಗಳ ಮೊತ್ತ 29,400. ಅದರ ಕಾಲು ಭಾಗ 7,350. ಅದರಲ್ಲಿ 5,200 ಕಳೆದರೆ 2,150 ರೂಪಾಯಿ ಉಳಿತಾಯ. ಹೋರ್ಡಿಂಗ್‌ನವರು ಒಬ್ಬೊಬ್ಬರೂ ಹೆಚ್ಚು ಕೊಂಡದ್ದು ನಿಜವೇ, ಆದರೆ ಹಾಕಿದ ಹಣವನ್ನು ವಾಪಸು ತರಲು ಅದು ಸಾಲಲಿಲ್ಲ.

ಮ್ಯಾಪಿನ 24 ಮಂದಿ ನನಗೆ ಅಚ್ಚರಿ ತಂದರು. ಭಾಯಿಜಾನ್ ಎರಡು ವರ್ಷದ ಹಿಂದೆ ಅಂಗಡಿಯನ್ನು ಅದರಲ್ಲಿ ಸೇರಿಸಿ ಮರೆತೇಬಿಟ್ಟಿದ್ದ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ, ಹಾಕಿದ್ದ ಫೋಟೋ ಹಳೆಯದು, ಭಾನುವಾರ ರಜೆ ಎಂದು ತಪ್ಪಾಗಿ ಬರೆದಿತ್ತು. ಅದನ್ನು ಅದೇ ರಾತ್ರಿ ತಿದ್ದಿದೆವು.

ಈ ಉತ್ತರಗಳನ್ನು ಎಷ್ಟು ನಂಬಬೇಕು?

ನಾಲ್ಕು ಎಂಬ ಸಂಖ್ಯೆ ಚಿಕ್ಕದು. ಆರು ವಾರದಲ್ಲಿ ನಾಲ್ಕು ಬಂದದ್ದು ಮುಂದಿನ ಆರು ವಾರದಲ್ಲಿ ಎರಡಾಗಬಹುದು, ಎಂಟೂ ಆಗಬಹುದು. ಅದಕ್ಕೇ ನಾನು ಎಂಟು ಎಂದೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆ. ಎಂಟು ಮಂದಿ ಅಷ್ಟಷ್ಟೇ ಕೊಂಡರೂ ಒಟ್ಟು ಲಾಭ 6,800, ಖರ್ಚು 7,500. ಆಗಲೂ ಕೊರತೆಯೇ. ಸಣ್ಣ ಸಂಖ್ಯೆ ಕೈಯಲ್ಲಿದ್ದಾಗ ಅದನ್ನು ಇಮ್ಮಡಿ ಮಾಡಿ ತೀರ್ಮಾನ ಬದಲಾಗುತ್ತದೆಯೇ ಎಂದು ನೋಡುವುದು ಒಂದು ಸರಳ ಪರೀಕ್ಷೆ. ಸೊನ್ನೆ ಬಿದ್ದ 56 ಬಿಲ್ಲುಗಳಲ್ಲಿ ಹೋರ್ಡಿಂಗ್‌ನವರು ಒಂದಿಬ್ಬರು ಸೇರಿಹೋಗಿದ್ದರೂ ಇದರೊಳಗೆ ಬಂದುಬಿಡುತ್ತದೆ.

ಎರಡನೆಯ ಮಿತಿ ಇನ್ನೂ ಆಳದ್ದು. ಗಿರಾಕಿ ಹೇಳುವುದು ತನಗೆ ನೆನಪಿರುವ ಒಂದು ಕಾರಣವನ್ನು. ಅವರು ದಿನಾ ಸರ್ಕಲ್ ದಾಟುವಾಗ ನಮ್ಮ ಹೆಸರನ್ನು ಓದಿರಬಹುದು, ಆಮೇಲೆ ಚಿಕ್ಕಮ್ಮ ಅದೇ ಹೆಸರು ಹೇಳಿದಾಗ "ಹಾಂ, ಆ ಅಂಗಡಿ" ಎಂದು ಬಂದಿರಬಹುದು. ನಮ್ಮ ಚೀಟಿಯಲ್ಲಿ ಬೀಳುವುದು ಮಾ ಎಂಬ ಅಕ್ಷರ. ಹೋರ್ಡಿಂಗ್ ಮಾಡಿದ ಅರ್ಧ ಕೆಲಸ ಚಿಕ್ಕಮ್ಮನ ಖಾತೆಗೆ ಹೋಗುತ್ತದೆ. ಇದನ್ನು ಪ್ರಶ್ನೆ ಕೇಳಿ ತಿಳಿಯಲಾಗುವುದಿಲ್ಲ, ಜಾಹೀರಾತನ್ನು ನಿಲ್ಲಿಸಿ ನೋಡಬೇಕು.

ಜೂನ್ ಮಧ್ಯದಲ್ಲಿ ಅಬ್ಬಾ ಹೋರ್ಡಿಂಗ್ ಮುಂದುವರಿಸಲಿಲ್ಲ. ಆ ಹಣದಲ್ಲಿ ಹೊಲಿಗೆ ಮಷೀನ್ ಬಂತು. ಆಷಾಢ ಬಂದ ಮೇಲೆ ವ್ಯಾಪಾರ ಇಳಿಯಿತು. ನಾಲ್ಕು ವಾರಕ್ಕೆ 184 ಬಿಲ್, ವಾರಕ್ಕೆ 46. ಬೇಸಿಗೆಯಲ್ಲಿ ವಾರಕ್ಕೆ ಸುಮಾರು 69 ಇತ್ತು. ಅಬ್ಬಾ ಮುಖ ಚಿಕ್ಕದು ಮಾಡಿಕೊಂಡು "ಹೋರ್ಡಿಂಗ್ ತೆಗೆದೆವು, ನೋಡು" ಎಂದರು. ನನಗೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಲೆಕ್ಕ ನಂಬಿ ಮನೆಯವರು ತೀರ್ಮಾನ ಮಾಡಿದ್ದರು.

ಆಮೇಲೆ ಹಳೆಯ ಬಿಲ್ ಪುಸ್ತಕಗಳ ಕಟ್ಟನ್ನು ಬಿಚ್ಚಿದೆ. ಕಳೆದ ವರ್ಷ ಹೋರ್ಡಿಂಗ್ ಅದೇ ಸರ್ಕಲ್‌ನಲ್ಲಿ ನಿಂತೇ ಇತ್ತು. ಆ ಬೇಸಿಗೆಯ ಅದೇ ಆರು ವಾರದಲ್ಲಿ 396 ಬಿಲ್, ವಾರಕ್ಕೆ 66. ಆ ಆಷಾಢದ ನಾಲ್ಕು ವಾರದಲ್ಲಿ 176 ಬಿಲ್, ವಾರಕ್ಕೆ 44. ಕಳೆದ ವರ್ಷ ಇಳಿದದ್ದು ಮೂರರಲ್ಲಿ ಒಂದು ಭಾಗ, ಈ ವರ್ಷ ಇಳಿದದ್ದೂ ಮೂರರಲ್ಲಿ ಒಂದು ಭಾಗ. ಆಷಾಢದಲ್ಲಿ ಹಿಂದೂ ಮನೆಗಳಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದು ಕಡಿಮೆ, ಅದಕ್ಕೇ ಗಾದಿ ಪರದೆಯ ವ್ಯಾಪಾರ ತಣ್ಣಗಾಗುತ್ತದೆ. ಹೋರ್ಡಿಂಗ್ ಇದ್ದಾಗಲೂ ಇಳಿಯಿತು, ಇಲ್ಲದಾಗಲೂ ಅಷ್ಟೇ ಇಳಿಯಿತು. ನಿಲ್ಲಿಸಿ ನೋಡುವವರು ಹಿಂದಿನ ತಿಂಗಳಿನೊಂದಿಗಲ್ಲ, ಹಿಂದಿನ ವರ್ಷದ ಅದೇ ಕಾಲದೊಂದಿಗೆ ಹೋಲಿಸಬೇಕು ಎಂದು ಆಗ ಅರ್ಥವಾಯಿತು. ಪುಸ್ತಕ ತೋರಿಸಿದಾಗ ಅಬ್ಬಾ ಸುಮ್ಮನೆ ತಲೆಯಾಡಿಸಿದರು.

ಮೂರನೆಯ ಮಿತಿ, ಬಿಲ್ ಮೇಜಿಗೆ ಬರುವವರು ಕೊಂಡವರು ಮಾತ್ರ. ಹೋರ್ಡಿಂಗ್ ನೋಡಿ ಬಂದು ಬೆಲೆ ಕೇಳಿ ಹೊರಟವರು ಈ ಲೆಕ್ಕದಲ್ಲಿಲ್ಲ. ಮತ್ತೆ ಇದು ಮದುವೆಯ ಕಾಲದ ಲೆಕ್ಕ. ರಂಜಾನ್ ಮುಂಚೆ ಮನೆಗೆ ಹೊಸ ಪರದೆ ಹಾಕಿಸುವವರ ಗದ್ದಲ ಬೇರೆಯೇ ಇರುತ್ತದೆ, ಅದಕ್ಕೆ ಬೇರೆ ಲೆಕ್ಕ ಬೇಕು.

ಕರಪತ್ರದ ಉತ್ತರವನ್ನಂತೂ ಪ್ರಶ್ನೆಯಿಲ್ಲದೆಯೂ ಪರೀಕ್ಷಿಸಬಹುದು. ಅಮೆರಿಕದ ಕ್ಲಾಡ್ ಹಾಪ್‌ಕಿನ್ಸ್ ಎಂಬ ಜಾಹೀರಾತು ಬರಹಗಾರರು 1923ರಲ್ಲಿ ಬಂದ ತಮ್ಮ "ಸೈಂಟಿಫಿಕ್ ಅಡ್ವರ್ಟೈಸಿಂಗ್" ಪುಸ್ತಕದಲ್ಲಿ ಇದನ್ನೇ ಒತ್ತಿ ಹೇಳಿದ್ದಾರೆ. ಜಾಹೀರಾತಿನ ಜೊತೆ ಗುರುತು ಹಾಕಿದ ಕೂಪನ್ ಇಟ್ಟು, ಎಷ್ಟು ಕೂಪನ್ ಮರಳಿ ಬಂದವು ಎಂದು ಎಣಿಸುವುದು. ನಾವೂ ಮುಂದಿನ ಕರಪತ್ರದ ಮೂಲೆಯಲ್ಲಿ ಬಡಾವಣೆಗೊಂದು ಅಕ್ಷರ ಅಚ್ಚು ಹಾಕಿಸಿ, ಅದನ್ನು ತಂದವರಿಗೆ ಹೊಲಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡಬೇಕೆಂದಿದ್ದೇವೆ. ಆ ರಿಯಾಯಿತಿಯ ಹಣವನ್ನೂ ಕರಪತ್ರದ ಖರ್ಚಿಗೇ ಸೇರಿಸಬೇಕು, ಇಲ್ಲವಾದರೆ ಮತ್ತೆ ನಮ್ಮನ್ನು ನಾವೇ ಮೋಸ ಮಾಡಿಕೊಂಡಂತೆ.

ಕೊನೆಗೆ ಒಂದು ಸಂಗತಿ. ಲೆಕ್ಕದ ನಾಲ್ಕನೆಯ ವಾರ ಒಂದು ಬೆಳಗ್ಗೆ ನಾನು ಬೇಗ ಅಂಗಡಿಗೆ ಹೋದೆ. ಅಬ್ಬಾ ಬಿಲ್ ಬರೆಯುತ್ತಾ ಒಬ್ಬ ಹಿರಿಯರನ್ನು "ಯಜಮಾನ್ರೇ, ಸರ್ಕಲ್‌ನಲ್ಲಿ ನಮ್ಮ ಹೋರ್ಡಿಂಗ್ ನೋಡಿ ಬಂದಿರಲ್ವಾ?" ಎಂದು ಕೇಳುತ್ತಿದ್ದರು. ಅವರು ಮರ್ಯಾದೆಗೆ "ಹೂಂ, ನೋಡಿದ್ದೇನೆ ಸಾಹೇಬ್ರೇ" ಎಂದರು. ನಾನು ಏನೂ ಹೇಳಲಿಲ್ಲ, ಮೇಜಿನ ಒಳಗೆ ಅಂಟಿಸಿದ ರಟ್ಟಿನ ಕಡೆ ನೋಡಿದೆ. ರಾತ್ರಿ ಪ್ರತಿಗಳನ್ನು ತಿರುವುವಾಗ ಆ ಬಿಲ್ ಸಿಕ್ಕಿತು. ಮೂಲೆಯಲ್ಲಿ ಹೋ ಎಂದು ಬರೆದು, ಅಬ್ಬಾ ಅವರೇ ಅದನ್ನು ಹೊಡೆದು ಹಾಕಿ ಸೊನ್ನೆ ಬರೆದಿದ್ದರು.